ಫ್ಯಾಟಿ ಲಿವರ್: ಸಕ್ಕರೆ ಮೊದಲು, ನಡಿಗೆ ಆಮೇಲೆ, ತೂಕ ನಿಧಾನಕ್ಕೆ

ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ವರದಿಯ ಕೊನೆಯಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 2' ಅಂತ ಬಂದಿರುತ್ತದೆ. ಡಾಕ್ಟರು ತೂಕ ಇಳಿಸಿ, ಸಿಹಿ ಬಿಡಿ, ವಾಕಿಂಗ್ ಮಾಡಿ ಅಂತ ಮೂರು ಮಾತು ಹೇಳಿ ಕಳಿಸುತ್ತಾರೆ. ಮೂರೂ ಸರಿಯೇ. ಆದರೆ ಯಾವುದು ಮೊದಲು, ಎಷ್ಟು ವೇಗದಲ್ಲಿ, ಒಂದು ಇನ್ನೊಂದರ ಮೇಲೆ ಏನು ಮಾಡುತ್ತದೆ ಎಂದು ಬಿಡಿಸಿ ಹೇಳುವಷ್ಟು ಪುರಸೊತ್ತು ಅಲ್ಲಿ ಇರುವುದಿಲ್ಲ. ಮನೆಗೆ ಬಂದವರು ಮೂರನ್ನೂ ಒಂದೇ ದಿನ ಶುರುಮಾಡಿ, ಹದಿನೈದು ದಿನದಲ್ಲಿ ಐದು ಕಿಲೋ ಇಳಿಸಿ, ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ ಲಿವರ್ ಎನ್‌ಜೈಮ್ ಮೊದಲಿಗಿಂತ ಹೆಚ್ಚೇ ಬಂದಿರುವುದುಂಟು. ಅದು ಯಾಕೆ ಹಾಗಾಗುತ್ತದೆ, ಹಾಗಾಗದಂತೆ ಏನು ಮಾಡಬೇಕು ಎಂಬುದೇ ಇಲ್ಲಿನ ವಿಷಯ.

ಕೊಬ್ಬು ಬರುವುದು ಎಲ್ಲಿಂದ

ಲಿವರ್‌ನಲ್ಲಿ ಕೂತ ಕೊಬ್ಬು ಊಟದ ತುಪ್ಪದಿಂದ ಬಂದದ್ದು ಅಂತ ಹೆಚ್ಚಿನವರು ತಿಳಿದಿದ್ದಾರೆ. ಅದರ ಪಾಲು ಎಲ್ಲಕ್ಕಿಂತ ಕಡಿಮೆ. ಫ್ಯಾಟಿ ಲಿವರ್ ಇದ್ದವರಲ್ಲಿ ಅಳೆದು ನೋಡಿದಾಗ ಸುಮಾರು 60% ಕೊಬ್ಬು ಮೈಯಲ್ಲಿ ಮೊದಲೇ ಕೂಡಿಟ್ಟ ಕೊಬ್ಬಿನಿಂದ ಬಿಡುಗಡೆಯಾಗಿ ರಕ್ತದ ಮೂಲಕ ಲಿವರ್ ಸೇರಿದ್ದು, ಕಾಲುಭಾಗದಷ್ಟು ಸಕ್ಕರೆ ಮತ್ತು ಪಿಷ್ಟದಿಂದ ಲಿವರ್ ತಾನೇ ತಯಾರಿಸಿಕೊಂಡದ್ದು. ಊಟದ ಎಣ್ಣೆ, ತುಪ್ಪದಿಂದ ನೇರವಾಗಿ ಬಂದದ್ದು ಸುಮಾರು 15% ಮಾತ್ರ.

ಇದನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ. ಸಕ್ಕರೆ ಕಡಿಮೆ ಮಾಡಿದರೆ ಲಿವರ್ ಒಳಗೆ ನಡೆಯುವ ತಯಾರಿ ತಗ್ಗುತ್ತದೆ, ಅದೂ ಕೆಲವೇ ವಾರಗಳಲ್ಲಿ. ತೂಕ ಇಳಿದರೆ ಮೈಯಲ್ಲಿ ಕೂಡಿಟ್ಟ ಕೊಬ್ಬಿನಿಂದ ಬರುವ ಪೂರೈಕೆ ಕಡಿಮೆಯಾಗುತ್ತದೆ, ಆದರೆ ಇಳಿಯುವ ಹೊತ್ತಿನಲ್ಲಿ ಅದೇ ಕೊಬ್ಬು ಕರಗಿ ಲಿವರ್ ದಾರಿಯಲ್ಲೇ ಹಾದುಹೋಗಬೇಕು. ಒಮ್ಮೆಗೇ ಹೆಚ್ಚು ಕರಗಿಸಿದರೆ ಲಿವರ್‌ಗೆ ಬೀಳುವ ಹೊರೆಯೂ ಒಮ್ಮೆಗೇ ಹೆಚ್ಚು. ವ್ಯಾಯಾಮದ ಕೆಲಸ ಬೇರೆ: ದುಡಿಯುವ ಸ್ನಾಯು ರಕ್ತದಲ್ಲಿನ ಗ್ಲೂಕೋಸನ್ನು ಎಳೆದುಕೊಳ್ಳುತ್ತದೆ, ಇನ್‌ಸುಲಿನ್ ಮತ್ತೆ ಸರಿಯಾಗಿ ಕೆಲಸ ಮಾಡತೊಡಗುತ್ತದೆ. ಹಾಗಾಗಿ ತೂಕದ ಮುಳ್ಳು ಅಲ್ಲಾಡದಿದ್ದರೂ ಲಿವರ್ ಕೊಬ್ಬು ಇಳಿಯಬಹುದು.

ಶುರುಮಾಡುವ ಮೊದಲು ಒಂದು ಲೆಕ್ಕ

ಸ್ಕ್ಯಾನಿನ ಗ್ರೇಡ್ ಕೊಬ್ಬು ಎಷ್ಟಿದೆ ಎಂಬ ಕಣ್ಣಂದಾಜು ಮಾತ್ರ. ಲಿವರ್ ಗಾಯಗೊಂಡು ಗಟ್ಟಿಯಾಗುತ್ತಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಮುಂದೆ ತೊಂದರೆ ಕೊಡುವುದು ಆ ಗಟ್ಟಿತನವೇ. ಇದಕ್ಕೆ ಮನೆಯಲ್ಲೇ ಮಾಡಬಹುದಾದ ಲೆಕ್ಕವಿದೆ, ಹೆಸರು ಫಿಬ್-4. ರಕ್ತ ಪರೀಕ್ಷೆಯ ವರದಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂಬ ಎರಡು ಲಿವರ್ ಎನ್‌ಜೈಮ್ ಇರುತ್ತವೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಬೇಕು. ಅದನ್ನು ಪ್ಲೇಟ್‌ಲೆಟ್ (ಸಾವಿರದ ಲೆಕ್ಕದಲ್ಲಿ) ಮತ್ತು ಎಸ್‌ಜಿಪಿಟಿಯ ವರ್ಗಮೂಲ ಇವೆರಡರ ಗುಣಲಬ್ಧದಿಂದ ಭಾಗಿಸಬೇಕು.

ಲೆಕ್ಕಕ್ಕೊಬ್ಬರನ್ನು ಇಟ್ಟುಕೊಳ್ಳೋಣ. ಶಿರಸಿ ಪಕ್ಕದ ಹಳ್ಳಿಯವರು, ವಯಸ್ಸು 44. ಸ್ವಲ್ಪ ಅಡಿಕೆ ತೋಟ, ಜೊತೆಗೆ ಪೇಟೆಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ತೂಕ 82 ಕಿಲೋ, ಎತ್ತರ 168 ಸೆಂಟಿಮೀಟರ್, ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ 98. ಎಸ್‌ಜಿಪಿಟಿ 68, ಎಸ್‌ಜಿಒಟಿ 42, ಪ್ಲೇಟ್‌ಲೆಟ್ 2.4 ಲಕ್ಷ. ಕುಡಿತ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ.

44 × 42 ÷ (240 × √68) = 0.93

1.3ಕ್ಕಿಂತ ಕೆಳಗಿದ್ದರೆ ಗಟ್ಟಿತನದ ಅಪಾಯ ಸದ್ಯಕ್ಕೆ ಕಡಿಮೆ, ಮನೆಯಲ್ಲೇ ಈ ಯೋಜನೆ ಶುರುಮಾಡಬಹುದು. (65 ದಾಟಿದವರಿಗೆ ಈ ಗೆರೆ 2.0.) ಅದಕ್ಕಿಂತ ಮೇಲಿದ್ದರೆ ಲಿವರ್‌ನ ಗಟ್ಟಿತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಬೇಕು. ಅದಕ್ಕೆ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಹುಬ್ಬಳ್ಳಿ, ಮಣಿಪಾಲ ಅಥವಾ ಗೋವಾ ಕಡೆ ಹೋಗಬೇಕಾಗಬಹುದು, ಹೋಗುವುದೇ ಒಳ್ಳೆಯದು. ಪರೀಕ್ಷೆಗೆ ಮೊದಲು ಮೂರು ತಾಸು ಏನೂ ತಿಂದಿರಬಾರದು, ತಿಂದಿದ್ದರೆ ಅಳತೆ ಸುಳ್ಳೇ ಹೆಚ್ಚು ಬರುತ್ತದೆ. ಕಣ್ಣು ಹಳದಿಯಾಗುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಕಾಲು ಊತ, ಪ್ಲೇಟ್‌ಲೆಟ್ 1.5 ಲಕ್ಷಕ್ಕಿಂತ ಕಡಿಮೆ ಇರುವುದು, ಇವು ಇದ್ದವರು ಈ ಬರಹ ಬಿಟ್ಟು ನೇರ ತಜ್ಞರ ಹತ್ತಿರ ಹೋಗಬೇಕು. ಸಕ್ಕರೆ ಕಾಯಿಲೆಗೆ ಇನ್‌ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ ಮಾತ್ರೆ ತೆಗೆದುಕೊಳ್ಳುವವರು ಮೊದಲು ಡೋಸ್ ಬಗ್ಗೆ ಡಾಕ್ಟರ ಹತ್ತಿರ ಮಾತಾಡಬೇಕು. ಸಿಹಿ ನಿಲ್ಲಿಸಿ ನಡೆಯಲು ಶುರುಮಾಡಿದರೆ ಅವರಿಗೆ ರಕ್ತದ ಸಕ್ಕರೆ ತೀರ ಕುಸಿಯಬಹುದು.

ಮೊದಲ ಎರಡು ವಾರ: ಸಿಹಿ ಮಾತ್ರ

ಈ ಎರಡು ವಾರ ವ್ಯಾಯಾಮ ಬೇಡ, ಅನ್ನದ ಅಳತೆಯೂ ಬೇಡ. ಒಂದೇ ಕೆಲಸ, ದಿನಕ್ಕೆ ಎಷ್ಟು ಸಿಹಿ ಒಳಗೆ ಹೋಗುತ್ತಿದೆ ಎಂದು ಬರೆದು ಅದನ್ನು ಇಳಿಸುವುದು.

ಲೆಕ್ಕಕ್ಕೆ ಇಟ್ಟುಕೊಂಡ ನಮ್ಮ ಶಿರಸಿಯವರ ಪಟ್ಟಿ ನೋಡಿ. ಬೆಳಿಗ್ಗೆ ತೆಳ್ಳೇವಿನ ಜೊತೆ ಎರಡು ದೊಡ್ಡ ಚಮಚ ಜೋನಿ ಬೆಲ್ಲ, ಅದರಲ್ಲಿ 25 ಗ್ರಾಂ ಸಕ್ಕರೆ ಬಂತು. ಕಷಾಯ, ಚಹಾ ಸೇರಿ ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಸಣ್ಣ ಚಮಚ ಅಂದರೆ 40 ಗ್ರಾಂ. ಸಂಜೆ ಒಂದು ಲೋಟ ಕೋಕಂ ಶರಬತ್ತು, ಇನ್ನೊಂದು 25. ಒಟ್ಟು 90 ಗ್ರಾಂ. ಇವರು ಪೇಡೆ, ಜಿಲೇಬಿ ಮುಟ್ಟುವವರೇ ಅಲ್ಲ, 'ನಾನು ಸಿಹಿ ತಿನ್ನೋದೇ ಇಲ್ಲ' ಎನ್ನುವವರು. ವಿಶ್ವ ಆರೋಗ್ಯ ಸಂಸ್ಥೆ ಇಷ್ಟಿದ್ದರೆ ಒಳ್ಳೆಯದು ಅನ್ನುವ ಮಿತಿ ದಿನಕ್ಕೆ ಸುಮಾರು 25 ಗ್ರಾಂ.

ಬೆಲ್ಲದ ವಿಷಯದಲ್ಲಿ ನಮ್ಮ ಕಡೆ ದೊಡ್ಡ ವಾದವೇ ಇದೆ. 'ತಮಾ, ಬೆಲ್ಲ ತಿಂದ್ರೆ ಎಂತದೂ ಆಗ್ತಿಲ್ಲೆ' ಅಂತ ಹಿರಿಯರು ಹೇಳುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣ ಇದೆ ನಿಜ, ಆದರೆ ಬಹುಪಾಲು ಅದೂ ಸಕ್ಕರೆಯೇ. ಜೇನುತುಪ್ಪವೂ ಲಿವರ್ ಕಣ್ಣಿಗೆ ಬೇರೆಯಲ್ಲ. ಸಕ್ಕರೆಯ ಅರ್ಧಭಾಗ ಗ್ಲೂಕೋಸ್, ಇನ್ನರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮಿದುಳು, ಸ್ನಾಯು ಎಲ್ಲ ಹಂಚಿಕೊಳ್ಳುತ್ತವೆ. ಹೆಚ್ಚು ಫ್ರಕ್ಟೋಸ್ ಒಮ್ಮೆಗೇ ಬಂದರೆ ಅದರ ಬಹುಪಾಲು ಲಿವರ್‌ಗೇ ಹೋಗುತ್ತದೆ. ಗ್ಲೂಕೋಸಿಗೆ ಅಲ್ಲಿ 'ಸಾಕು' ಎನ್ನುವ ತಡೆ ಇದೆ, ಫ್ರಕ್ಟೋಸ್ ಆ ತಡೆಯನ್ನು ತಪ್ಪಿಸಿ ಒಳನುಗ್ಗಿ ಕೊಬ್ಬಾಗುತ್ತದೆ. 2019ರಲ್ಲಿ ಪ್ರಕಟವಾದ ಒಂದು ಅಮೆರಿಕದ ಅಧ್ಯಯನದಲ್ಲಿ ಫ್ಯಾಟಿ ಲಿವರ್ ಇದ್ದ ಹುಡುಗರಿಗೆ ಎಂಟು ವಾರ ಸಕ್ಕರೆ ಬಹಳ ಕಡಿಮೆ ಇರುವ ಊಟ ಕೊಟ್ಟರು. ಅವರ ಲಿವರ್ ಕೊಬ್ಬು ಸರಾಸರಿ 25%ರಿಂದ 17%ಕ್ಕೆ ಇಳಿಯಿತು. ಅವರು ಮಕ್ಕಳು, ನಾವು ದೊಡ್ಡವರು, ಅಷ್ಟೇ ಫಲಿತಾಂಶ ಸಿಗುತ್ತದೆ ಎನ್ನಲಾಗದು. ಆದರೆ ಸಿಹಿಗೆ ಮೊದಲ ಸರದಿ ಯಾಕೆ ಕೊಡಬೇಕು ಎಂಬುದಕ್ಕೆ ಇಷ್ಟು ಸಾಕು.

ಇಳಿಸುವಾಗ ಕುಡಿಯುವ ಸಿಹಿಯಿಂದ ಶುರುಮಾಡಿ, ಅದು ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಶರಬತ್ತಿನ ಬದಲು ಕೋಕಂ ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಜೀರಿಗೆ ಹಾಕಿ ಕುಡಿಯಿರಿ. ಕಾರವಾರದವರಿಗೆ ಸೋಲ್ ಕಡಿ ಇದ್ದೇ ಇದೆ, ಅದಕ್ಕೆ ಸಕ್ಕರೆ ಸೇರಿಸದಿದ್ದರಾಯಿತು. ಅಪ್ಪೆ ಹುಳಿ, ಮಜ್ಜಿಗೆ, ತಂಬುಳಿಗೆ ಯಾವ ನಿರ್ಬಂಧವೂ ಇಲ್ಲ. ಚಹಾಕ್ಕೆ ಲೋಟಕ್ಕೆ ಅರ್ಧ ಚಮಚ. ಸಪ್ಪೆ ಕಷಾಯ ಮೊದಲ ವಾರ ಗಂಟಲಿಗೆ ಇಳಿಯುವುದಿಲ್ಲ, ಎರಡನೇ ವಾರ ಇಳಿಯುತ್ತದೆ. ಸಕ್ಕರೆ ಹಾಕದ ಕಾಫಿ ಕುಡಿಯುವವರು ಬಿಡುವುದು ಬೇಡ, ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರ ಲಿವರ್ ಚೆನ್ನಾಗಿರುವುದು ಮತ್ತೆ ಮತ್ತೆ ಕಂಡುಬಂದಿದೆ. ಹಣ್ಣು ಇಡಿಯಾಗಿ ತಿನ್ನಿ, ಜ್ಯೂಸ್ ಮಾಡಬೇಡಿ. ಆಲೆಮನೆಗೆ ಕರೆದರೆ ಹೋಗಿ, ಒಂದು ಲೋಟ ಹಾಲು ಕುಡಿದು ಬನ್ನಿ. ಲಿವರ್ ಹಾಳಾಗುವುದು ವರ್ಷಕ್ಕೊಮ್ಮೆಯ ಕಬ್ಬಿನ ಹಾಲಿನಿಂದ ಅಲ್ಲ, ದಿನಕ್ಕೆ ನಾಲ್ಕು ಸಲದ ಚಮಚದಿಂದ.

ನಮ್ಮವರು 90ರಿಂದ 20 ಗ್ರಾಂಗೆ ಇಳಿದರು ಎಂದಿಟ್ಟುಕೊಳ್ಳಿ. ಕಡಿಮೆಯಾದದ್ದು 70 ಗ್ರಾಂ, ಅಂದರೆ ದಿನಕ್ಕೆ 280 ಕ್ಯಾಲರಿ. ಎರಡು ವಾರದ ಕೊನೆಗೆ ತೂಕ 80.6 ತೋರಿಸಬಹುದು. ಈ 1.4 ಕಿಲೋದಲ್ಲಿ ಹೆಚ್ಚಿನದು ನೀರು, ಕೊಬ್ಬಲ್ಲ. ಇದೇ ವೇಗ ಮುಂದೆಯೂ ಇರಲಿ ಎಂದು ಆಸೆಪಡುವಲ್ಲೇ ಹಲವರು ಹಾದಿ ತಪ್ಪುವುದು.

ಮೂರನೇ ವಾರದಿಂದ: ನಡಿಗೆ

ವಾರಕ್ಕೆ 150 ನಿಮಿಷ ಎಂಬುದು ಎಲ್ಲರಿಗೂ ಗೊತ್ತು. ಯಾವ ವೇಗ ಎಂಬುದು ಮುಖ್ಯ: ಮಾತಾಡಲು ಆಗಬೇಕು, ಹಾಡಲು ಆಗಬಾರದು. 'ತೋಟದಲ್ಲಿ ದಿನವಿಡೀ ಓಡಾಡುತ್ತೇನಲ್ಲ' ಎನ್ನುವವರು ಇದೇ ಪರೀಕ್ಷೆ ಮಾಡಿಕೊಳ್ಳಲಿ. ತೋಟದಲ್ಲಿ ನಿಂತು, ಬಗ್ಗಿ, ಮಾತಾಡಿ ಕಳೆದ ಹೊತ್ತು ಲೆಕ್ಕಕ್ಕಿಲ್ಲ. ಸೊಪ್ಪಿನ ಬೆಟ್ಟದ ಏರು ಏದುಸಿರು ಬಿಡುತ್ತ ಹತ್ತಿದ್ದು ಲೆಕ್ಕಕ್ಕಿದೆ. ಕಾರವಾರದವರಿಗೆ ಟ್ಯಾಗೋರ್ ಕಡಲತೀರ ಇದೆ. ಒಣ ಮರಳಲ್ಲಿ ನಡೆದರೆ ಅದೇ ದೂರಕ್ಕೆ ಹೆಚ್ಚು ಶ್ರಮ ಬೀಳುತ್ತದೆ, ಮಂಡಿ ನೋವಿದ್ದವರು ಅಲೆ ತೊಯ್ಯಿಸಿದ ಗಟ್ಟಿ ಮರಳಲ್ಲಿ ನಡೆಯಲಿ.

ಒಮ್ಮೆ ಚೆನ್ನಾಗಿ ನಡೆದರೆ ಇನ್‌ಸುಲಿನ್ ಮೇಲಿನ ಪರಿಣಾಮ ಒಂದರಿಂದ ಎರಡು ದಿನ ಉಳಿಯುತ್ತದೆ. ಆದ್ದರಿಂದ ರವಿವಾರ ಎರಡು ತಾಸು ನಡೆದು ವಾರವಿಡೀ ಕೂರುವುದಕ್ಕಿಂತ ವಾರಕ್ಕೆ ಐದು ದಿನ ಮೂವತ್ತು ನಲವತ್ತು ನಿಮಿಷ ನಡೆಯುವುದು ಲೇಸು. ಎರಡು ದಿನಕ್ಕಿಂತ ಹೆಚ್ಚು ಬಿಡುವು ಬೀಳದಂತೆ ನೋಡಿಕೊಳ್ಳಿ. ಇದನ್ನು ಕೆಡಿಸುವುದು ನಮ್ಮ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಮಳೆ, ಬೆಟ್ಟಕ್ಕೆ ಹೋದರೆ ಉಂಬಳ. ಆಗ ಮನೆಯ ಮೆಟ್ಟಿಲು, ಜಗುಲಿಯ ಉದ್ದ, ಊಟವಾದ ಮೇಲೆ ಹದಿನೈದು ನಿಮಿಷದಂತೆ ಎರಡು ಸಲ. ಊಟದ ಬೆನ್ನಿಗೆ ನಡೆದರೆ ಅನ್ನದಿಂದ ಬಂದ ಗ್ಲೂಕೋಸ್ ನೇರ ಕಾಲಿನ ಸ್ನಾಯುವಿಗೆ ಹೋಗುತ್ತದೆ. ವ್ಯಾಯಾಮ ಪೂರ್ತಿ ನಿಲ್ಲಿಸಿದರೆ ಅದರಿಂದ ಲಿವರ್‌ಗೆ ಸಿಕ್ಕ ಲಾಭವೂ ಕರಗುತ್ತದೆ, ಮಳೆಗಾಲದ ನಾಲ್ಕು ತಿಂಗಳು ಅದಕ್ಕೆ ಧಾರಾಳ ಸಾಕು.

82 ಕಿಲೋದ ವ್ಯಕ್ತಿ ನಲವತ್ತು ನಿಮಿಷ ಬಿರುಸಾಗಿ ನಡೆದರೆ ಹೆಚ್ಚುವರಿಯಾಗಿ ಉರಿಯುವುದು ಸುಮಾರು 160 ಕ್ಯಾಲರಿ. ಮನೆಗೆ ಬಂದು ಒಂದು ಲೋಟ ಶರಬತ್ತು, ಎರಡು ಬಿಸ್ಕೀಟು ಮುಗಿಸಿದರೆ ಅಷ್ಟೂ ವಾಪಸ್ಸು. ಸಿಹಿ ಬಿಡದೆ ಬರೀ ನಡೆದವರ ತೂಕ ಯಾಕೆ ಇಳಿಯುವುದಿಲ್ಲ ಎಂಬುದರ ಲೆಕ್ಕ ಇಷ್ಟೇ.

ತೂಕದ ವೇಗ: ವಾರಕ್ಕೆ ಅರ್ಧ ಕಿಲೋ

ಮೈತೂಕದ 3ರಿಂದ 5% ಇಳಿದರೆ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ. 7ರಿಂದ 10% ಇಳಿದರೆ ಉರಿಯೂತವೂ ತಗ್ಗುತ್ತದೆ, 10% ದಾಟಿದರೆ ಗಟ್ಟಿತನ ಕೂಡ ಹಿಂದೆ ಸರಿಯಬಹುದು. ನಮ್ಮವರಿಗೆ 5% ಅಂದರೆ 4.1 ಕಿಲೋ, 7% ಅಂದರೆ 5.7, 10% ಅಂದರೆ 8.2. ತೆಳ್ಳಗಿದ್ದೂ ಫ್ಯಾಟಿ ಲಿವರ್ ಬಂದವರಿಗೆ 3ರಿಂದ 5% ಸಾಕು.

ವಾರಕ್ಕೆ ಅರ್ಧ ಕಿಲೋ ಇಳಿಯಲು ದಿನಕ್ಕೆ 500 ಕ್ಯಾಲರಿಗಿಂತ ಸ್ವಲ್ಪ ಹೆಚ್ಚು ಕೊರತೆ ಬೇಕು. ಸಕ್ಕರೆಯಿಂದ 280 ಸಿಕ್ಕಿತು. ಐದು ದಿನದ ನಡಿಗೆಯನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 115. ಇನ್ನೊಂದು ಸೌಟು ಅನ್ನ, ಅಂದರೆ ಸುಮಾರು 100 ಗ್ರಾಂ, ಕಡಿಮೆ ಮಾಡಿದರೆ 130. ಒಟ್ಟು 525. ಇಷ್ಟಕ್ಕೆ ಉಪವಾಸವೂ ಬೇಡ, ಅನ್ನ ಬಿಡುವುದೂ ಬೇಡ.

ಹಾಗಾದರೆ ಇನ್ನೂ ಒತ್ತಿ ವಾರಕ್ಕೆ ಎರಡು ಕಿಲೋ ಯಾಕೆ ಇಳಿಸಬಾರದು? ವಾರಕ್ಕೆ ಸುಮಾರು ಒಂದೂವರೆ ಕಿಲೋ ದಾಟಿದರೆ ಎರಡು ತೊಂದರೆ ದಾಖಲಾಗಿವೆ. ಒಂದು, ಕೆಲವರಲ್ಲಿ ಕೊಬ್ಬು ಇಳಿದರೂ ಲಿವರ್‌ನ ಉರಿಯೂತ ಹೆಚ್ಚಿತು. ಎರಡು, ಪಿತ್ತಕೋಶದಲ್ಲಿ ಕಲ್ಲು. ಕರಗಿದ ಕೊಬ್ಬಿನೊಡನೆ ಹೊರಬಂದ ಕೊಲೆಸ್ಟರಾಲ್ ಪಿತ್ತರಸಕ್ಕೆ ಸೇರುತ್ತದೆ. ಊಟದಲ್ಲಿ ಎಣ್ಣೆಯೇ ಇಲ್ಲದಿದ್ದರೆ ಪಿತ್ತಕೋಶ ಹಿಂಡಿಕೊಳ್ಳುವುದಿಲ್ಲ, ನಿಂತ ರಸದಲ್ಲಿ ಹರಳು ಕಟ್ಟುತ್ತದೆ. ಹಾಗಾಗಿ ಎಣ್ಣೆ ಪೂರ್ತಿ ಬಿಡಬೇಡಿ, ದಿನಕ್ಕೆ ಒಂದು ಊಟದಲ್ಲಾದರೂ ಎರಡು ಸಣ್ಣ ಚಮಚದಷ್ಟು ಎಣ್ಣೆ ಅಥವಾ ತೆಂಗಿನಕಾಯಿ ಇರಲಿ. ಊಟವಾದ ಮೇಲೆ ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡಂತೆ ನೋವು ಬಂದು ಬಲ ಭುಜದವರೆಗೆ ಹರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಸುಮ್ಮನಾಗಬೇಡಿ, ಸ್ಕ್ಯಾನ್ ಮಾಡಿಸಿ.

ಏಳು ದಿನದ ಜ್ಯೂಸ್ ಉಪವಾಸದಂಥವು ಈ ಎಲ್ಲ ಕೆಡುಕನ್ನೂ ಒಟ್ಟಿಗೆ ತರುತ್ತವೆ. ತೂಕ ದಡಬಡ ಇಳಿಯುತ್ತದೆ, ಒಳಗೆ ಹೋಗುವುದು ಬಹುಪಾಲು ಸಕ್ಕರೆ, ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ. ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸ್ನಾಯು ಹೋದರೆ ಮುಂದೆ ಗ್ಲೂಕೋಸ್ ಎಳೆದುಕೊಳ್ಳುವ ಜಾಗವೇ ಕಿರಿದಾಯಿತು.

ವೇಗ ಹೆಚ್ಚಾಗಿದೆ ಎಂದು ತಿಳಿಯಲು ವಾರಕ್ಕೊಮ್ಮೆ, ಒಂದೇ ದಿನ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ. ಮೊದಲೆರಡು ವಾರ ಬಿಟ್ಟು, ಸತತ ಎರಡು ವಾರ ಒಂದು ಕಿಲೋಗಿಂತ ಹೆಚ್ಚು ಇಳಿದರೆ ಒಂದು ಸೌಟು ಅನ್ನ ಅಥವಾ ಒಂದು ಬಟ್ಟಲು ಬೇಳೆ ವಾಪಸ್ ಸೇರಿಸಿ, ಸಕ್ಕರೆಯನ್ನಲ್ಲ.

ಐದನೇ ವಾರದಿಂದ: ಬಲದ ವ್ಯಾಯಾಮ

ಜಿಮ್ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ, ಎರಡೂ ಕೈಯಲ್ಲಿ ನೀರು ತುಂಬಿದ ಕೊಡಪಾನ ಹಿಡಿದು ಅಂಗಳ ಸುತ್ತುವುದು. ಒಂದೊಂದೂ ಹತ್ತು ಸಲದಂತೆ ಮೂರು ಸುತ್ತು, ವಾರಕ್ಕೆ ಎರಡು ದಿನ. ತೂಕ ಇಳಿಯುತ್ತಿದ್ದರೂ ಹತ್ತು ಹನ್ನೆರಡಾಗುತ್ತಿದ್ದರೆ ಹೋಗುತ್ತಿರುವುದು ಕೊಬ್ಬು. ಹತ್ತು ಏಳಕ್ಕೆ ಇಳಿದರೆ ಊಟ ತೀರ ಕಡಿಮೆಯಾಗಿದೆ ಎಂದರ್ಥ. ಸಸ್ಯಾಹಾರಿಗಳ ಊಟದಲ್ಲಿ ಪ್ರೋಟೀನ್ ಸಾಲದೆ ಬರುವುದು ಸಾಮಾನ್ಯ. ಹೆಸರುಕಾಳಿನ ಪಲ್ಯ, ಅಲಸಂದೆ ಸಾರು, ಮೊಸರು ಇವು ಅನ್ನದ ಅಂಚಿನಲ್ಲಿ ಅಲ್ಲ, ಅನ್ನದಷ್ಟೇ ಇರಬೇಕು. ಕರಾವಳಿಯವರಿಗೆ ಬಂಗುಡೆ, ತಾರ್ಲೆ ಇವೆ, ರವೆ ಹಚ್ಚಿ ಕರಿಯುವುದಕ್ಕಿಂತ ಸಾರು ಮಾಡಿದರೆ ಒಳ್ಳೆಯದು.

ಇಲ್ಲೊಂದು ಮೋಸ ಇದೆ. ರೂಢಿಯಿಲ್ಲದವರು ಭಾರ ಎತ್ತಿದರೆ ಸ್ನಾಯುವಿನಿಂದಲೇ ಎಸ್‌ಜಿಒಟಿ, ಎಸ್‌ಜಿಪಿಟಿ ರಕ್ತಕ್ಕೆ ಸೋರುತ್ತವೆ, ಒಂದು ವಾರದವರೆಗೂ ಏರಿಯೇ ಇರಬಹುದು. ರವಿವಾರ ಕೊಡಪಾನ ಎತ್ತಿ ಮಂಗಳವಾರ ರಕ್ತ ಕೊಟ್ಟರೆ ಲಿವರ್ ಹಾಳಾದಂತೆ ಕಾಣುತ್ತದೆ. ಎಸ್‌ಜಿಒಟಿ ಎಸ್‌ಜಿಪಿಟಿಗಿಂತ ಹೆಚ್ಚು ಜಿಗಿದು, ಇನ್ನೊಂದು ಲಿವರ್ ಎನ್‌ಜೈಮ್ ಆದ ಗಾಮಾ ಜಿಟಿ ಹಾಗೇ ಇದ್ದರೆ ಸ್ನಾಯುವಿನ ಮೇಲೇ ಅನುಮಾನ. ರಕ್ತ ಕೊಡುವ ಮೊದಲು ಒಂದು ವಾರ ಭಾರ ನಿಲ್ಲಿಸಿ, ನಡಿಗೆ ಮಾತ್ರ ಇಟ್ಟುಕೊಳ್ಳಿ.

ಗುಳಿಗೆಗಳ ಬಗ್ಗೆ

'ಗಾರ್ಸೀನಿಯಾ' ಎಂದು ಮಾರುವ ತೂಕ ಇಳಿಸುವ ಗುಳಿಗೆ ನಮ್ಮದೇ ಕಾಡಿನ ಉಪ್ಪಾಗೆಯ ಸಾರ. ಅಡುಗೆಗೆ ಒಂದೆರಡು ಸಿಪ್ಪೆ ಹಾಕುವುದರಲ್ಲಿ ಭಯವಿಲ್ಲ. ಸಾರ ತೆಗೆದ ಗುಳಿಗೆ ತಿಂದವರಲ್ಲಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಹಸಿರು ಚಹಾದ ಸಾರದ ಗುಳಿಗೆಗೂ, ಕೋವಿಡ್ ಕಾಲದಲ್ಲಿ ಎಲ್ಲರೂ ಕುಡಿದ ಅಮೃತಬಳ್ಳಿಗೂ ಅಂಥ ವರದಿಗಳಿವೆ. ಲಿವರ್ ಸರಿಮಾಡಲು ಹೊರಟವರು ಇವನ್ನು ದೂರ ಇಡುವುದೇ ಕ್ಷೇಮ. ಫೆನಿ, ಉರಾಕ್, ಬಿಯರ್ ಕೂಡ ಈ ಆರು ತಿಂಗಳು ಬೇಡ.

ಹನ್ನೆರಡನೇ ವಾರ, ಆಮೇಲೆ

ಲೆಕ್ಕ ತಪ್ಪದಿದ್ದರೆ ನಮ್ಮವರು ಈಗ 76 ಕಿಲೋ ಆಸುಪಾಸು, 7% ಮುಗಿದಿದೆ. ನಡುವೆ ಎಂಟು ಹತ್ತನೇ ವಾರದಲ್ಲಿ ತೂಕ ಒಂದೆರಡು ವಾರ ನಿಂತೇಬಿಡಬಹುದು. ಆಗ ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿ. ಅದು ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ. ತೂಕ, ಸುತ್ತಳತೆ ಎರಡೂ ಮೂರು ವಾರ ನಿಂತೇ ಇದ್ದರೆ ಸಿಹಿಯ ಪಟ್ಟಿ ಮತ್ತೆ ಬರೆಯಿರಿ. ಚೌತಿ, ದೀಪಾವಳಿಯ ನಂತರ ಲೋಟದ ಅರ್ಧ ಚಮಚ ಗೊತ್ತಿಲ್ಲದೇ ಎರಡಾಗಿರುತ್ತದೆ.

ರಕ್ತ ಪರೀಕ್ಷೆ ಈಗ, ಇದಕ್ಕಿಂತ ಮೊದಲು ಬೇಡ. ಎಸ್‌ಜಿಪಿಟಿ 17 ಯೂನಿಟ್ ಅಥವಾ ಹೆಚ್ಚು ಇಳಿದಿದ್ದರೆ, ಅಂದರೆ 68 ಇದ್ದದ್ದು 51 ಅಥವಾ ಅದಕ್ಕಿಂತ ಕೆಳಗೆ ಬಂದಿದ್ದರೆ, ಲಿವರ್ ಒಳಗೂ ಸುಧಾರಣೆ ಆಗುತ್ತಿರುವ ಸಾಧ್ಯತೆ ಹೆಚ್ಚು. ಸ್ಕ್ಯಾನನ್ನು ಆರು ತಿಂಗಳಿಗೆ, ಸಾಧ್ಯವಾದರೆ ಅದೇ ಜಾಗದಲ್ಲಿ ಮಾಡಿಸಿ, ನೋಡುವವರು ಬದಲಾದರೆ ಗ್ರೇಡೂ ಬದಲಾಗಬಹುದು. ಉಳಿದ 2.2 ಕಿಲೋ ಇಳಿಯಲು ಇನ್ನೂ ಮೂರು ತಿಂಗಳು ಹಿಡಿಯಬಹುದು, ಹಗುರಾದ ಮೈ ಕಡಿಮೆ ಉರಿಸುತ್ತದೆ, ಅದು ಸಹಜ.

ತೂಕ 7% ಇಳಿದೂ ಎಸ್‌ಜಿಪಿಟಿ ಕದಲದಿದ್ದರೆ ಇನ್ನೂ ಇಳಿಸುತ್ತ ಹೋಗಬೇಡಿ. ಹೆಪಟೈಟಿಸ್ ಬಿ, ಸಿ, ಥೈರಾಯ್ಡ್, ರಕ್ತದ ಫೆರಿಟಿನ್ ಪರೀಕ್ಷೆ ಆಗಿದೆಯೇ ನೋಡಿ, ದಿನಾ ತೆಗೆದುಕೊಳ್ಳುವ ಮಾತ್ರೆ, ಕಷಾಯ, ಪುಡಿಗಳ ಪಟ್ಟಿಯನ್ನು ಪೂರ್ತಿ ಬರೆದು ಡಾಕ್ಟರ ಮುಂದಿಡಿ. ಕಾರಣ ಬೇರೆಯದೇ ಇರಬಹುದು, ಅದನ್ನು ನಡಿಗೆಯಿಂದ ಸರಿಪಡಿಸಲು ಬರುವುದಿಲ್ಲ.